ಸಹಾಯ ಬೇಕು: ಡಿಎಲ್‌ಪಿ ಮುಗಿದರೂ ಎಫ್‌ಎಸ್‌ಡಿ ಹಣ ಬಿಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ರಸ್ತೆ ಮತ್ತು ಮೋರಿ ಕೆಲಸ, ಮೊತ್ತ 40 ಲಕ್ಷ. ಬಿಲ್ಲುಗಳಲ್ಲಿ ಶೇಕಡಾ 5ರಂತೆ ಎಫ್‌ಎಸ್‌ಡಿ ಎಂಬ ಭದ್ರತಾ ಠೇವಣಿಯಾಗಿ ಹಿಡಿದ 2 ಲಕ್ಷ ಇನ್ನೂ ಇಲಾಖೆಯಲ್ಲೇ ಇದೆ.

ಕೆಲಸ ಮುಗಿದ ಪ್ರಮಾಣಪತ್ರದಲ್ಲಿರುವ ದಿನಾಂಕ 30-5-2022. ಕರಾರಿನಲ್ಲಿ ದೋಷ ಹೊಣೆ ಅವಧಿ, ಅಂದರೆ ಡಿಎಲ್‌ಪಿ, ಕೆಲಸ ಮುಗಿದ ದಿನದಿಂದ 24 ತಿಂಗಳು ಎಂದಿದೆ. ಅಂದರೆ 29-5-2024ಕ್ಕೆ ಮುಗಿಯಿತು. ಕಚೇರಿಯವರು ಮಾತ್ರ ಕೊನೆಯ ಬಿಲ್ ಪಾಸಾದ ನವೆಂಬರ್ 2022ರಿಂದ ಲೆಕ್ಕ ಹಿಡಿದು, ಜುಲೈ 2024ರ ಮಳೆಯಲ್ಲಿ ಮೋರಿಯ ರೆಕ್ಕೆಗೋಡೆ ಬಿರುಕು ಬಿಟ್ಟಿದ್ದನ್ನು ನಮ್ಮ ತಲೆಗೆ ಕಟ್ಟಿ ನೋಟಿಸ್ ಕೊಟ್ಟಿದ್ದಾರೆ. ಬಿಲ್ ತಡವಾದರೆ ಹೊಣೆಯೂ ಉದ್ದವಾಗುತ್ತದೆ ಎಂಬುದು ಕರಾರಿನಲ್ಲಿ ಎಲ್ಲೂ ಇಲ್ಲ. ಇದು ಅನ್ಯಾಯ.

ಬಿರುಕಿನ ವಿಷಯ: ಗೋಡೆಯ ಹಿಂದಿನ ಧರೆ ಜರಿದು, ನೀರು ಹೊರಹೋಗುವ ತೂತುಗಳು ಮಣ್ಣಿನಿಂದ ಮುಚ್ಚಿವೆ. ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆ ಮುಂದಕ್ಕೆ ವಾಲಿದೆ. ಕಾಂಕ್ರೀಟ್ ದೋಷವಲ್ಲ ಎಂದು ತೋರಿಸಲು ಫೋಟೊ ಇವೆ, ಕ್ಯೂಬ್ ಪರೀಕ್ಷೆ ವರದಿಯೂ ಇದೆ. ಅವಧಿಯೊಳಗೆ ಒಂದೂ ದೋಷದ ಪತ್ರ ಬಂದಿಲ್ಲ.

ಇಷ್ಟು ಬೇಕು: ಜಂಟಿ ಪರಿಶೀಲನೆ ಕೋರಿ ಕಾರ್ಯಪಾಲಕ ಎಂಜಿನಿಯರ್‌ಗೆ ಬರೆದ ಅರ್ಜಿಯ ಮಾದರಿ ಯಾರಲ್ಲಾದರೂ ಇದೆಯಾ? ನೋಟಿಸ್‌ಗೆ ಉತ್ತರವನ್ನು ಅದೇ ಪತ್ರದಲ್ಲಿ ಸೇರಿಸಬೇಕೋ, ಬೇರೆ ಕೊಡಬೇಕೋ? ಬಾಕಿ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಗಡುವು ಇರುವುದರಿಂದ, ಬರೀ ಬಾಯಿ ಮಾತಿನ ಭರವಸೆ ನಂಬಿ ಕೂರುವಂತಿಲ್ಲ. ಇಂಥದ್ದರಲ್ಲಿ ಹಣ ಬಿಡಿಸಿಕೊಂಡವರು ದಯವಿಟ್ಟು ಬರೆಯಿರಿ.