ಕೈ ಒಣಗಿರುವಾಗಲೇ ಮುಗಿಸಬೇಕಾದ ಕೆಲಸಗಳು: ಮುಳುಗುವ ಹಡಗು ಬಿಡುವ ಹೊತ್ತಿನ ಅನುಭವಗಳು

ಕೇಳಿದವರು (ಮದ್ದೂರು)

ಮುಂದಿನ ತಿಂಗಳು ಮೊದಲ ಸಲ ಸರಕು ಹಡಗು ಹತ್ತುತ್ತಿದ್ದೇನೆ. ಉತ್ತರ ಯುರೋಪಿನ ಬಂದರುಗಳಿಗೆ ಹೋಗುತ್ತಂತೆ. ನಾನು ವಿ.ಸಿ. ನಾಲೆಯಲ್ಲಿ ಈಜು ಕಲಿತವನು, ನೀರಿನ ಭಯ ಇಲ್ಲ. ಆದ್ರೂ ಅಮ್ಮ ದಿನಾ ಕೇಳ್ತಾರೆ, "ಹಡಗು ಮುಳುಗಿದ್ರೆ ಏನ್ ಮಾಡ್ತೀಯಪ್ಪಾ?" ಅಂತ. ಮೊದಲ ಒಂದೆರಡು ಗಂಟೆ ಯಾರು ಉಳೀತಾರೆ, ಯಾಕೆ ಉಳೀತಾರೆ? ಹಡಗು ಬಿಡೋ ಅಭ್ಯಾಸಕ್ಕೆ ಮಾಡಿಸೋ ಡ್ರಿಲ್ ಸುಮ್ನೆ ಲೆಕ್ಕಕ್ಕಾ, ಇಲ್ಲಾ ಉಪಯೋಗ ಇದೆಯಾ? ಅನುಭವ ಇರೋರು ಹೇಳಿ.

ಮಂಡ್ಯದ ಈಜು ತರಬೇತುದಾರರು

ತಮ್ಮಾ, ಈಜು ಬರೋದು ದೊಡ್ಡ ಆಸ್ತಿ. ನೀರಿಗೆ ಬಿದ್ದ ತಕ್ಷಣ ಗಾಬರಿ ಆಗಬೇಡ. ಮೊದಲ ಒಂದು ನಿಮಿಷ ಉಸಿರನ್ನು ಹತೋಟಿಗೆ ತಂದುಕೋ. ಆಮೇಲೆ ಷೂ, ಪ್ಯಾಂಟ್, ಜರ್ಕಿನ್ ಎಲ್ಲ ಬಿಚ್ಚಿ ಹಗುರಾಗು. ಕೈಕಾಲು ಆಡಿಸ್ತಾ ಇದ್ರೆ ಮೈ ಬಿಸಿ ಇರುತ್ತೆ. ನಾನು ಚಳಿಗಾಲದ ಬೆಳಗಿನ ಜಾವ ಮಕ್ಕಳಿಗೆ ಹೀಗೇ ಮಾಡಿಸ್ತೀನಿ.

ಮೈಸೂರಿನ ನಿವೃತ್ತ ಬೋಸನ್

ಉಸಿರಿನ ವಿಷಯ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಬಟ್ಟೆ ಬಿಚ್ಚೋದು, ಈಜಿ ಬಿಸಿಯಾಗೋದು ಮಾತ್ರ ತಣ್ಣನೆಯ ಸಮುದ್ರದಲ್ಲಿ ಉಲ್ಟಾ ಹೊಡೆಯುತ್ತೆ. ಬೋಸನ್ ಅಂದ್ರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ. ನಾನು 22 ವರ್ಷ ಹಡಗಿನಲ್ಲಿದ್ದೆ, ಅದರಲ್ಲಿ ಆರು ವರ್ಷ ಆ ಕಡೆಯೇ.

ನಾಲೆಯ ನೀರು ನಮ್ಮ ಮೈಗೆ ತಂಪು, ಅಷ್ಟೇ. ಹತ್ತು ಡಿಗ್ರಿ ನೀರು ಬೇರೆಯೇ ಜಾತಿ. ಬಿದ್ದ ಕೂಡಲೇ ಎದೆ ಹಿಡಿದುಕೊಂಡು ದೊಡ್ಡದಾಗಿ ಉಸಿರೆಳೆಯುತ್ತೇವೆ. ಅದನ್ನು ತಡೆಯೋಕೆ ಆಗಲ್ಲ. ಆ ಕ್ಷಣ ಬಾಯಿ ನೀರೊಳಗಿದ್ದರೆ ಅಲ್ಲಿಗೇ ಮುಗೀತು. ತರಬೇತಿಯಲ್ಲಿ "ಒಂದು, ಹತ್ತು, ಒಂದು" ಅಂತ ನೆನಪಿಡಿಸುತ್ತಾರೆ. ಉಸಿರು ಹತೋಟಿಗೆ ಬರೋಕೆ ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳೋದು ಸುಮಾರು ಹತ್ತು ನಿಮಿಷ. ಚಳಿಗೆ ಪ್ರಜ್ಞೆ ತಪ್ಪೋಕೆ ಸುಮಾರು ಒಂದು ಗಂಟೆ. ಇದು ಅಂದಾಜು ಲೆಕ್ಕ. ಮೈಕಟ್ಟು, ಬಟ್ಟೆ, ಅಲೆ ನೋಡಿಕೊಂಡು ಹಿಂದೆ ಮುಂದೆ ಆಗುತ್ತೆ.

ಇದರಲ್ಲಿ ನಡುವಿನ ಹತ್ತು ನಿಮಿಷ ಬಹಳ ಜನಕ್ಕೆ ಗೊತ್ತಿರಲ್ಲ. ಒಮ್ಮೆ ತರಬೇತಿಯಲ್ಲಿ ಐಸ್ ಹಾಕಿದ ಬಕೆಟ್‌ನಲ್ಲಿ ನಮ್ಮ ಕೈ ಅದ್ದಿಸಿ, ಸ್ವಲ್ಪ ಹೊತ್ತಾದ ಮೇಲೆ ಲೈಫ್ ಜಾಕೆಟ್ ಬಕಲ್ ಹಾಕಿ ಅಂದರು. ನನ್ನ ಹೆಬ್ಬೆರಳು ಬಕಲ್ ಮೇಲೆ ಇದೆ, ಕಣ್ಣಿಗೆ ಕಾಣ್ತಿದೆ. ಆದರೆ ಒತ್ತಿದ್ದು ಗೊತ್ತೇ ಆಗ್ತಿಲ್ಲ. ಮೂರು ಸಲ ಜಾರಿತು. ಅದಕ್ಕೇ ತಮ್ಮಾ, ಬೆರಳಿನಿಂದ ಆಗಬೇಕಾದ ಕೆಲಸವೆಲ್ಲ ಕೈ ಒಣಗಿರುವಾಗಲೇ ಮುಗಿದಿರಬೇಕು. ಜಾಕೆಟ್ ಕಟ್ಟೋದು, ತೊಡೆ ಸಂದಿನ ಪಟ್ಟಿ ಬಿಗಿಯೋದು, ದೀಪ ನೋಡೋದು, ಎಲ್ಲ.

ಬಟ್ಟೆ ಬಿಚ್ಚಬೇಡ. ಅದರೊಳಗೆ ಸೇರಿದ ನೀರು ಮೈ ಶಾಖಕ್ಕೆ ಸ್ವಲ್ಪ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತೆ. ಈಜಿದರೆ ಅದು ಕೊಚ್ಚಿಹೋಗಿ ಹೊಸ ತಣ್ಣೀರು ಬರುತ್ತೆ. ಜಾಕೆಟ್ ನಿನ್ನನ್ನು ತೇಲಿಸುತ್ತೆ. ನೀನು ಮೊಣಕಾಲು ಎದೆಗೆ ತಂದು, ತೋಳನ್ನು ಪಕ್ಕೆಗೆ ಒತ್ತಿಕೊಂಡು ಮುದುಡಿಕೋ. ಜೊತೆಗೆ ಜನ ಇದ್ದರೆ ಒಬ್ಬರಿಗೊಬ್ಬರು ಅಂಟಿಕೊಳ್ಳಿ. ರಾಫ್ಟ್, ಅಂದರೆ ಗಾಳಿ ತುಂಬಿ ಊದಿಕೊಳ್ಳುವ ರಬ್ಬರ್ ತೆಪ್ಪ, ಹತ್ತಿರದಲ್ಲೇ ಇದ್ದರೆ ಮಾತ್ರ ಈಜು.

ಕುವೆಂಪುನಗರದ ತಾಯಿ

ನಾವು ಬೇಸಿಗೆ ರಜದಲ್ಲಿ ಕಾವೇರಿಯಲ್ಲಿ ಒಂದು ಕಡೆ ತೆಪ್ಪ ಹತ್ತಿದ್ವಿ. ನನ್ನ ಆರು ವರ್ಷದ ಮಗಳಿಗೆ ದೊಡ್ಡವರ ಜಾಕೆಟ್ ಕೊಟ್ಟರು. ಕೊರಳಿಗೆ ಹಾಕಿದ್ರೆ ಮೊಣಕಾಲಿನ ತನಕ ಬರ್ತಿತ್ತು. ತೆಪ್ಪದವರು ಅದು ಸಾಕು ಅಂದರು. ಸಾಕಾಗುತ್ತಾ?

ನಿವೃತ್ತ ಬೋಸನ್

ಇಲ್ಲಮ್ಮಾ, ಸಾಕಾಗಲ್ಲ. ಮಗು ಕೆಳಗೆ ಜಾರುತ್ತೆ, ಜಾಕೆಟ್ ಮೇಲೇ ಉಳಿಯುತ್ತೆ. ಪರೀಕ್ಷೆ ಸುಲಭ. ಮಗುವಿಗೆ ಜಾಕೆಟ್ ಹಾಕಿ, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಕಿವಿ ತನಕ ಎದ್ದರೆ ಅದು ಆ ಮಗುವಿನದಲ್ಲ. ತೊಡೆ ಸಂದಿನ ಪಟ್ಟಿ ಇಲ್ಲದ ಮಕ್ಕಳ ಜಾಕೆಟ್ ನಂಬಬೇಡಿ.

ಹಡಗಿನವರಿಗೂ ಇದೇ ಮಾತು. 1994ರ ಸೆಪ್ಟೆಂಬರ್ 28ರ ಬೆಳಗಿನ ಜಾವ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಅನ್ನೋ ಪ್ರಯಾಣಿಕರ ಹಡಗು ಮುಳುಗಿತು. ಇದ್ದವರು 989. ಉಳಿದವರು 137. ಅಪಾಯದ ಕರೆ ಹೋದದ್ದು 1.22ಕ್ಕೆ, 1.50ರ ಹೊತ್ತಿಗೆ ಹಡಗು ರೇಡಾರ್‌ನಲ್ಲೇ ಇಲ್ಲ. ವಾಲಿದ ಹಡಗಿನ ಕತ್ತಲಲ್ಲಿ ಜಾಕೆಟ್ ಕಟ್ಟಿಕೊಳ್ಳೋಕೆ ಜನ ಪರದಾಡಿದರು. ಸರಿಯಾಗಿ ಕಟ್ಟದ ಜಾಕೆಟ್ ನೀರಿಗೆ ಬಿದ್ದ ಏಟಿಗೆ ಕಳಚಿಹೋಯಿತು. ರಾಫ್ಟ್ ಮುಟ್ಟಿದವರಲ್ಲೂ ಎಷ್ಟೋ ಜನ ಬೆಳಗಾಗೋ ಮುಂಚೆ ತೀರಿಕೊಂಡರು. ಕೆಲವು ರಾಫ್ಟ್ ಮಗುಚಿದ್ದವು, ಕೆಲವುಗಳೊಳಗೆ ನೀರು ತುಂಬಿತ್ತು. ಅಂದರೆ ರಾಫ್ಟ್ ಸಿಕ್ಕಿದ ಮೇಲೂ ಚಳಿ ಬಿಡಲ್ಲ.

ಕೇಳಿದವರು

ಅಣ್ಣಾ, ರಾಫ್ಟ್ ಮಗುಚಿದ್ರೆ ಒಬ್ಬನೇ ತಿರುಗಿಸಬಹುದಾ? ಒಳಗೆ ಹತ್ತಿದ ಮೇಲೆ ಮೊದಲು ಏನು ಮಾಡಬೇಕು?

ನಿವೃತ್ತ ಬೋಸನ್

ಒಬ್ಬನೇ ತಿರುಗಿಸಬಹುದು. ಈಜುಕೊಳದಲ್ಲಿ ನಾನೇ ಮಾಡಿದ್ದೇನೆ. ಮಗುಚಿದ ರಾಫ್ಟಿನ ಒಂದು ಅಂಚಲ್ಲಿ ಗ್ಯಾಸ್ ಸಿಲಿಂಡರ್ ಇರುತ್ತೆ. ಆ ಅಂಚನ್ನು ಗಾಳಿ ಹೋಗುವ ದಿಕ್ಕಿಗೆ ತಂದು, ಅದರ ಮೇಲೆ ಹಿಮ್ಮಡಿ ಊರಿ ನಿಲ್ಲು. ತಳದ ಮೇಲೆ ಹಾದುಹೋಗುವ ಪಟ್ಟಿ ಹಿಡಿದು ಹಿಂದಕ್ಕೆ ವಾಲು. ಎದುರಿನ ಅಂಚು ಎದ್ದರೆ ಗಾಳಿಯೇ ಅದನ್ನು ಎತ್ತಿ ತಿರುಗಿಸುತ್ತೆ. ರಾಫ್ಟ್ ನಿನ್ನ ಮೇಲೇ ಬೀಳುತ್ತೆ. ಅಡಿಯಲ್ಲಿ ಕತ್ತಲು. ಗಾಬರಿಯಾಗದೆ ಅಂಗಾತ ಇದ್ದು, ತಳವನ್ನು ಕೈಯಿಂದ ತಳ್ಳುತ್ತಾ ಹೊರಗೆ ಬಾ.

ಹತ್ತೋದು ಅದಕ್ಕಿಂತ ಕಷ್ಟ. ಜಾಕೆಟ್ ಎದೆಗೆ ದಪ್ಪಗಿದ್ದು ಟ್ಯೂಬಿಗೆ ಸಿಕ್ಕಿಕೊಳ್ಳುತ್ತೆ. ಏಣಿಯಲ್ಲಿ ಕಾಲಿಟ್ಟು, ಒಳಗಿನ ಪಟ್ಟಿ ಹಿಡಿದು, ಒಮ್ಮೆ ಕೆಳಗೆ ಮುಳುಗಿ ಆ ಎಗರಿನಲ್ಲೇ ಮೇಲೆ ಬಾ. ತಲೆ ಮುಂದಾಗಿ ಒಳಗೆ ಬಿದ್ದರೂ ಪರವಾಗಿಲ್ಲ.

ಒಳಗೆ ಸೇರಿದ ಮೇಲೆ ಬಾಗಿಲ ಹತ್ತಿರವೇ ಇರುವ ಚಾಕುವಿನಿಂದ ಹಡಗಿಗೆ ಕಟ್ಟಿದ ಹಗ್ಗ ಕತ್ತರಿಸಿ ದೂರ ಹೋಗಬೇಕು. ಆಮೇಲೆ ಸೀ ಆಂಕರ್ ಬಿಡಬೇಕು. ಅದು ನೀರಿನಲ್ಲಿ ಎಳೆಯುವ ಬಟ್ಟೆಯ ಚೀಲ. ಅದಿದ್ದರೆ ರಾಫ್ಟ್ ಮಗುಚೋದು ಕಮ್ಮಿ. ಹಡಗು ಮುಳುಗಿದ ಜಾಗದಿಂದ ಜಾಸ್ತಿ ದೂರ ತೇಲೋದೂ ಇಲ್ಲ. ಮೂರನೆಯದು ಬಾಗಿಲು ಮುಚ್ಚಿ ನೀರು ಹೊರಗೆ ಹಾಕೋದು, ಸ್ಪಂಜಿನಿಂದ ಒರೆಸೋದು, ತಳಕ್ಕೆ ಗಾಳಿ ತುಂಬೋದು. ತಳ ಊದದಿದ್ದರೆ ಕೂತವರ ಸೊಂಟದಿಂದಲೇ ಶಾಖ ಹೋಗುತ್ತೆ. ವಾಂತಿ ಮಾತ್ರೆಯನ್ನು ವಾಂತಿ ಶುರುವಾಗೋ ಮುಂಚೆ ನುಂಗಬೇಕು. ಒಬ್ಬ ಶುರು ಮಾಡಿದರೆ ಎಲ್ಲರೂ ಮಾಡುತ್ತಾರೆ. ಆಗ ಮೈಯಲ್ಲಿರುವ ನೀರು ಹೋಗುತ್ತೆ, ಮನಸ್ಸೂ ಕುಸಿಯುತ್ತೆ.

ಮೈಸೂರಿನಲ್ಲಿ ಎಮರ್ಜೆನ್ಸಿ ನರ್ಸ್

ಮಾತ್ರೆ ವಿಷಯದಲ್ಲಿ ಒಂದು ಮಾತು ಸರ್. ಅವುಗಳಲ್ಲಿ ಕೆಲವು ತೂಕಡಿಕೆ ತರಿಸುತ್ತವೆ. ಕಾವಲು ಕೂರುವ ಒಬ್ಬರು ತಡ ಮಾಡಿ ತಗೊಳ್ಳೋದು ಒಳ್ಳೇದಲ್ವಾ?

ಇನ್ನೊಂದು. ನೀರಲ್ಲಿದ್ದವರನ್ನು ಮೇಲೆತ್ತುವಾಗ ನಿಲ್ಲಿಸಿ ಎಳೆಯಬಾರದು. ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆ ತಳ್ಳುತ್ತಿರುತ್ತೆ. ನೆಟ್ಟಗೆ ಎಳೆದರೆ ಆ ಒತ್ತಡ ಒಮ್ಮೆಗೇ ಹೋಗಿ, ಬಿಪಿ ಕುಸಿದು, ಮಾತಾಡ್ತಿದ್ದವರೇ ಅಲ್ಲೇ ಕುಸೀತಾರೆ. ಆದಷ್ಟು ಮಲಗಿಸಿಯೇ ಎತ್ತಬೇಕು. ಕೈಕಾಲು ಉಜ್ಜಬೇಡಿ. ಬಿಸಿ ಆಗಲಿ ಅಂತ ಬ್ರಾಂದಿ ಕುಡಿಸಬೇಡಿ.

ನಿವೃತ್ತ ಬೋಸನ್

ಮೇಡಂ, ಎತ್ತುವ ವಿಷಯ ಹೇಳಿದ್ದು ಒಳ್ಳೇದಾಯ್ತು. ಮಾತ್ರೆ ಬಗ್ಗೆ ನಮ್ಮಲ್ಲೂ ಎರಡು ಮತ ಇತ್ತು. ನಾನಾದ್ರೆ ಎಲ್ಲರೂ ತಗೊಳ್ಳಲಿ ಅಂತೀನಿ. ವಾಂತಿ ಮಾಡುತ್ತಾ ಕಾವಲು ಕೂರೋಕೂ ಆಗಲ್ಲ.

ಮುಂಬೈ ಕಡೆ ಸಮುದ್ರದ ಕೆಲಸ ಮಾಡಿದ ಪಾಂಡವಪುರದವರು

ನಮ್ಮ ಅರಬ್ಬೀ ಸಮುದ್ರ ಬೆಚ್ಚಗಿರುತ್ತೆ, ಆ ಒಂದು–ಹತ್ತು–ಒಂದು ಲೆಕ್ಕ ಇಲ್ಲಿಗೆ ಬರಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಮುಂಬೈ ಆಚೆ ಕೆಲಸಗಾರರು ತಂಗುವ ಪಿ305 ಅನ್ನೋ ಬಾರ್ಜ್ ನೌಕೆ ಮುಳುಗಿದಾಗ 261 ಜನ ಇದ್ದರು. ನೌಕಾಪಡೆ 186 ಜನರನ್ನು ಉಳಿಸಿತು. ಜಾಕೆಟ್ ಹಾಕಿಕೊಂಡು ಗಂಟೆಗಟ್ಟಲೆ ಅಲೆಯಲ್ಲಿ ತೇಲಿ ಬದುಕಿದವರು ಅದರಲ್ಲಿದ್ದರು. ಬಿರುಗಾಳಿಯಲ್ಲಿ ಚಳಿಗಿಂತ ಮುಂಚೆ ಮುಖಕ್ಕೆ ಹೊಡೆಯುವ ನೀರೇ ಸುಸ್ತು ಮಾಡುತ್ತೆ. ಅಲೆಗೆ ಬೆನ್ನು ಕೊಡಿ. ಒಬ್ಬರ ಜಾಕೆಟ್ ಒಬ್ಬರು ಹಿಡಿದುಕೊಳ್ಳಿ. ಸೀಟಿ ಹೊಡೆಯಿರಿ, ಕೂಗಿ ಶಕ್ತಿ ಕಳೀಬೇಡಿ.

ನಿವೃತ್ತ ಬೋಸನ್

ಡ್ರಿಲ್ ಬಗ್ಗೆ ಹೇಳೋದು ಬಾಕಿ ಇತ್ತು. ಏಳು ಚಿಕ್ಕ ಗಂಟೆ, ಒಂದು ಉದ್ದ ಗಂಟೆ ಕೇಳಿದರೆ ಎಲ್ಲರೂ ಸೇರಬೇಕಾದ ಜಾಗಕ್ಕೆ, ಅಂದರೆ ಮಸ್ಟರ್ ಸ್ಟೇಷನ್‌ಗೆ ಹೋಗಬೇಕು. ಪ್ರತಿಯೊಬ್ಬ ಸಿಬ್ಬಂದಿಗೂ ತಿಂಗಳಿಗೆ ಒಮ್ಮೆಯಾದರೂ ಡ್ರಿಲ್ ಆಗಲೇಬೇಕು. ಆದರೆ ಎಷ್ಟೋ ಕಡೆ ಜಾಕೆಟ್ ಹಾಕಿ, ಹೆಸರು ಕೂಗಿಸಿ, ಸಹಿ ಮಾಡಿಸಿ ಮುಗಿಸುತ್ತಾರೆ. ನೀನು ನಿನ್ನ ಪಾಲಿನ ಕೆಲಸ ಮಾಡು. ಕ್ಯಾಬಿನ್‌ನಿಂದ ಮಸ್ಟರ್ ಸ್ಟೇಷನ್‌ಗೆ ದೀಪ ಆರಿಸಿಕೊಂಡು ಒಮ್ಮೆ ನಡೆದು ನೋಡು. ಎಷ್ಟು ಮೆಟ್ಟಿಲು, ಹಿಡಿದುಕೊಳ್ಳೋ ಕಂಬಿ ಯಾವ ಕಡೆ ಅಂತ ಕೈಗೆ ಗೊತ್ತಾಗಲಿ.

ಆಮೇಲೆ ರಾಫ್ಟ್ ಹತ್ತಿರ ಹೋಗಿ ಹಗ್ಗ ನೋಡು. ಒಂದು ಹಡಗಿನಲ್ಲಿ ನಾನು ಸೇರಿದ ಎರಡನೇ ದಿನ ರಾಫ್ಟ್ ಮಡಚಿಟ್ಟ ಬಿಳಿ ಡಬ್ಬದ ಸುತ್ತ ನೋಡಿದೆ. ಹೈಡ್ರೋಸ್ಟಾಟಿಕ್ ರಿಲೀಸ್ ತನ್ನ ಜಾಗದಲ್ಲೇ ಇತ್ತು. ಹಡಗು ಮುಳುಗಿ ಅದು ನಾಲ್ಕು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ನೀರಿನ ಒತ್ತಡಕ್ಕೆ ಡಬ್ಬವನ್ನು ತಾನೇ ಬಿಡಿಸುತ್ತೆ. ಡಬ್ಬ ತೇಲಿ ಮೇಲೆ ಹೋಗುವಾಗ ಹಗ್ಗ ಎಳೆದು ರಾಫ್ಟ್ ಊದುತ್ತೆ. ಆಮೇಲೆ ವೀಕ್ ಲಿಂಕ್ ಅನ್ನೋ ತೆಳು ಕೊಂಡಿ ಕಿತ್ತು ರಾಫ್ಟ್ ಸ್ವತಂತ್ರವಾಗುತ್ತೆ. ಆದರೆ ಅಲ್ಲಿ ಯಾರೋ ಹಗ್ಗದ ತುದಿಯನ್ನು ಆ ಕೊಂಡಿಗೆ ಹಾಕದೆ ನೇರ ಡೆಕ್ಕಿನ ಕಬ್ಬಿಣದ ಬಳೆಗೆ ಮೂರು ಗಂಟು ಹಾಕಿದ್ದರು. ಬಣ್ಣ ಬಳಿದ ಮೇಲೆ ಗಟ್ಟಿಯಾಗಲಿ ಅಂತ ಕಟ್ಟಿದ್ದಂತೆ. ಹಾಗೇ ಮುಳುಗಿದ್ದರೆ ಊದಿದ ರಾಫ್ಟ್ ಹಡಗಿನ ಜೊತೆಯೇ ತಳಕ್ಕೆ ಹೋಗುತ್ತಿತ್ತು. ನಮ್ಮಲ್ಲಿದ್ದ ರಿಲೀಸ್ ಎರಡು ವರ್ಷಕ್ಕೆ ಬದಲಾಯಿಸುವ ಜಾತಿ. ಅದರ ಮೇಲಿನ ತಿಂಗಳು ಕೂಡ ದಾಟಿತ್ತು. ಚೀಫ್ ಆಫೀಸರ್‌ಗೆ ತೋರಿಸಿ ಅವತ್ತೇ ಸರಿ ಮಾಡಿಸಿದೆ.

ಕೇಳಿದವರು

ತುಂಬಾ ಧನ್ಯವಾದ ಅಣ್ಣಾ. ತಣ್ಣೀರಿಂದ ಕಾಪಾಡೋ ಇಮ್ಮರ್ಶನ್ ಸೂಟ್ ಮೇಲೆ ಜಾಕೆಟ್ ಹಾಕಬೇಕಾ, ಬೇಡ್ವಾ? ಕ್ಲಾಸಲ್ಲಿ ಒಬ್ಬರು ಬೇಕು ಅಂದರು, ಇನ್ನೊಬ್ಬರು ಬೇಡ ಅಂದರು.

ನಿವೃತ್ತ ಬೋಸನ್

ಇಬ್ಬರೂ ಸರಿ ಇರಬಹುದು. ಕೆಲವು ಸೂಟ್ ತಾವೇ ತೇಲಿಸುತ್ತವೆ, ಕೆಲವಕ್ಕೆ ಮೇಲೆ ಜಾಕೆಟ್ ಬೇಕು. ನಿನ್ನ ಹೆಸರಿಗೆ ಬಂದ ಸೂಟಿನ ಚೀಲದ ಮೇಲೆ ಬರೆದಿರುತ್ತೆ. ಹಡಗು ಹತ್ತಿದ ದಿನವೇ ಚೀಲ ಬಿಚ್ಚಿ ಹಾಕಿ ನೋಡು. ಎರಡು ನಿಮಿಷದಲ್ಲಿ ಒಬ್ಬನೇ ಹಾಕಿಕೊಳ್ಳೋಕೆ ಆಗಬೇಕು. ಝಿಪ್ ಬಿಗಿಯಾಗಿದ್ದರೆ ಆಗಲೇ ಹೇಳು, ಮೇಣ ಹಚ್ಚಿ ಕೊಡುತ್ತಾರೆ. ಜಾಕೆಟ್ ಬೇಕು ಅಂತಿದ್ದರೆ ಅದನ್ನು ಮೊದಲೇ ಕೈಗೆ ಸಿಗುವಂತೆ ಇಟ್ಟುಕೋ. ಆ ದಪ್ಪ ಕೈಗವಸು ಹಾಕಿದ ಮೇಲೆ ಪಟ್ಟಿ ಹುಡುಕೋಕೆ ಆಗಲ್ಲ.