ಪೋಸ್ಟರ್ ತುಂಬಾ ಅಕ್ಷರ: ಒಂದು ಚೌಕಕ್ಕೆ ಒಂದೇ ಮಾತು ಹೇಗೆ?

ಬೋರ್‌ವೆಲ್ ಹುಡುಗಿ: ಮುಂದಿನ ತಿಂಗಳು ಕನ್ನಡದಲ್ಲೇ ನಡೆಯುವ ಒಂದು ವಿಜ್ಞಾನ ಸಮ್ಮೇಳನದಲ್ಲಿ ನನ್ನ ಪೋಸ್ಟರ್ ಇದೆ. ವಿಷಯ, ನಮ್ಮ ತಾಲ್ಲೂಕಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಅಳತೆ 3 ಅಡಿ ಅಗಲ, 4 ಅಡಿ ಎತ್ತರ. ಪ್ರಬಂಧದಿಂದ ಎತ್ತಿ ಹಾಕಿದೆ, ಇರುವೆ ಸಾಲಿನ ಹಾಗೆ ಕಾಣುತ್ತಿದೆ. ಗೈಡ್ ನೋಡಿ, "ಚಿಕ್ಕ ಚಿಕ್ಕ ಚೌಕ ಮಾಡು, ಒಂದೊಂದಕ್ಕೂ ಒಂದೇ ಹೇಳಿಕೆ ತಲೆಬರಹವಾಗಿ ಇರಲಿ" ಅಂದರು. ಏನು ಉಳಿಸಬೇಕು, ಏನು ಬಿಡಬೇಕು? ಮಾಡಿದವರು ಹೇಳಿ.

ಮಲೆನಾಡ ಮಳೆ: ಇದು ಸುಲಭ. 2019ರಲ್ಲಿ ಮೈಕ್ ಮಾರಿಸನ್ ಅಂತ ಅಮೆರಿಕದ ಸಂಶೋಧಕರೊಬ್ಬರು ಒಂದು ವಿನ್ಯಾಸ ತೋರಿಸಿದರು, ಹುಡುಕಿದರೆ ಸಿಗುತ್ತದೆ. ನಡುವೆ ದೊಡ್ಡ ಅಕ್ಷರದಲ್ಲಿ ಒಂದೇ ವಾಕ್ಯ, ಪಕ್ಕದಲ್ಲಿ ಸಣ್ಣ ಪಟ್ಟಿ, ಕೆಳಗೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್. ನಾನು ಹೋದ ವರ್ಷ ಹಾಗೇ ಮಾಡಿದೆ. ವಿಧಾನ, ಪೀಠಿಕೆ ಎಲ್ಲಾ ತೆಗೆದುಬಿಡಿ. ಯಾರೂ ಓದಲ್ಲ.

ಬಳಪ (ನಿವೃತ್ತ ಮೇಷ್ಟ್ರು): ದೊಡ್ಡ ವಾಕ್ಯದ ಮಾತು ಸರಿ. ವಿಧಾನ ಪೂರ್ತಿ ತೆಗೆಯುವುದನ್ನು ನಾನು ಒಪ್ಪಲ್ಲ. ಪೋಸ್ಟರ್‌ಗೆ ಅಂಕ ಕೊಡುವ ಕೆಲಸ ಬಹಳ ವರ್ಷ ಮಾಡಿದ್ದೇನೆ. ಫ್ಲೋರೈಡ್ ಲೆಕ್ಕ ಕಂಡ ತಕ್ಷಣ ನನಗೆ ಬರುವ ಮೊದಲ ಪ್ರಶ್ನೆ, ಯಾವಾಗ ಅಳೆದರು, ಎಷ್ಟು ಸಲ ಅಳೆದರು ಅನ್ನುವುದೇ. ಅದಕ್ಕೊಂದು ಪುಟ್ಟ ಚೌಕ ಬೇಕು. ಆಮೇಲೆ, ನಡುವಿನ ವಾಕ್ಯ ಒಂದೇ ಆದರೂ ನಿಮ್ಮಲ್ಲಿ ಮೂರು ನಾಲ್ಕು ಫಲಿತಾಂಶ ಇದ್ದರೆ ಅವು ಎಲ್ಲಿ ಕೂರಬೇಕು?

ತಂಗಿ, ಸುಮ್ನೆ ಮಾತಾಡಿ ಪ್ರಯೋಜನ ಇಲ್ಲ. ಫಲಿತಾಂಶದ ಒಂದು ಪ್ಯಾರಾ ಇದ್ದ ಹಾಗೇ ಇಲ್ಲಿ ಹಾಕಿ.

ಫ್ಲೆಕ್ಸ್ ಫಜೀತಿ: ಪ್ಯಾನೆಲ್ ಮಾಡಿಸುವುದಾದರೆ ಫೋಮ್ ಬೋರ್ಡ್ ಬೇಡ ಅಕ್ಕ, ಬಸ್ಸಿನಲ್ಲಿ ಮೂಲೆ ಮುರಿಯುತ್ತದೆ. ನಾನು ನಾಲ್ಕು ಬೋರ್ಡ್ ಒಯ್ದು ಮೂರು ತಗಲಿಸಿದೆ. ಇನ್ನೊಂದು ವಿಷಯ, ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅಂಗಡಿಯವರ ಕಂಪ್ಯೂಟರಿನಲ್ಲಿ ಅಕ್ಷರ ಚಿತ್ರಾನ್ನ ಆಗುತ್ತದೆ. ಯೂನಿಕೋಡಿನಲ್ಲಿ ಮಾಡಿ, ಪಿಡಿಎಫ್ ಕೊಡಿ, ಅಂಗಡಿಯಲ್ಲೇ ತೆರೆಸಿ ಒತ್ತಕ್ಷರ ನೋಡಿ. ನನ್ನದರಲ್ಲಿ "ಸಂಶೋಧನಾರ್ಥಿ" ಏನಾಗಿತ್ತು ಅಂತ ಹೇಳಲ್ಲ.

ಬೋರ್‌ವೆಲ್ ಹುಡುಗಿ: ಫಜೀತಿ ಅಣ್ಣ, ನಾನು ಕೇಳಿದ್ದು ಬೋರ್ಡಿನ ಪ್ಯಾನೆಲ್ ಅಲ್ಲ, ಒಳಗಿನ ಚೌಕ. ಆದರೂ ಫಾಂಟಿನ ಮಾತು ಉಪಯೋಗಕ್ಕೆ ಬಂತು, ನನ್ನದೂ ಹಳೇದೇ! ಮೇಷ್ಟ್ರೇ, ಪ್ಯಾರಾ ಇದು:

"ಅಧ್ಯಯನ ಪ್ರದೇಶದ 60 ಕೊಳವೆಬಾವಿಗಳಿಂದ ಮುಂಗಾರು ಪೂರ್ವ ಹಾಗೂ ಮುಂಗಾರು ನಂತರದ ಅವಧಿಗಳಲ್ಲಿ ಸಂಗ್ರಹಿಸಲಾದ ಮಾದರಿಗಳ ವಿಶ್ಲೇಷಣೆಯಿಂದ 38 ಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣವು ಅನುಮತಿಸಬಹುದಾದ ಮಿತಿಗಿಂತ ಅಧಿಕವಾಗಿರುವುದು ಕಂಡುಬಂದಿದ್ದು, ಋತುಮಾನಕ್ಕೆ ಅನುಗುಣವಾಗಿ ಅಲ್ಪ ವ್ಯತ್ಯಾಸವನ್ನು ತೋರುತ್ತದೆ ಹಾಗೂ ಆಳವಾದ ಬಾವಿಗಳಲ್ಲಿ ಈ ಪ್ರಮಾಣ ಹೆಚ್ಚಿರುವುದು ದೃಢಪಟ್ಟಿದೆ."

ಬಳಪ: ಒಂದೇ ವಾಕ್ಯದಲ್ಲಿ ಮೂರು ಮಾತು ಇವೆ ನೋಡಿ. ನಮ್ಮ ಪ್ರಬಂಧದ ಕನ್ನಡದಲ್ಲಿ ಇದು ಯಾವಾಗಲೂ ಹೀಗೆ ಆಗುತ್ತದೆ. "ಕಂಡುಬಂದಿದ್ದು", "ಹಾಗೂ", "ಅಲ್ಲದೆ" ಎಲ್ಲಿ ಬರುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿ. ಸಾಮಾನ್ಯವಾಗಿ ಚೌಕ ಒಡೆಯಬೇಕಾದ ಜಾಗ ಅದೇ. ಇಲ್ಲಿ ಬಾವಿ ಎಷ್ಟು ಅನ್ನುವುದು ಒಂದು, ಮಳೆಗೆ ಮುಂಚೆ ಮತ್ತು ಆಮೇಲೆ ಅನ್ನುವುದು ಇನ್ನೊಂದು, ಆಳ ಮೂರನೆಯದು. ಶುರುವಿನ ಅರ್ಧ ಸಾಲು ವಿಧಾನ, ಅದು ತನ್ನ ಚೌಕಕ್ಕೆ ಹೋಗಲಿ.

ತಲೆಬರಹಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಓದಿದವರು "ಹೌದಾ?" ಅಂತ ಕೇಳಬಹುದಾ? "ಫ್ಲೋರೈಡ್ ಪ್ರಮಾಣದ ಋತುಮಾನಿಕ ವ್ಯತ್ಯಾಸ" ಅಂದರೆ ಯಾರೂ ಹೌದಾ ಅನ್ನಲ್ಲ, "ಸರಿ, ಅದರಲ್ಲೇನು?" ಅಂತಾರೆ. "ಮಳೆಗಾಲ ಕಳೆದರೂ ನೀರು ಸರಿಹೋಗಲಿಲ್ಲ" ಅಂದರೆ ಹೌದಾ ಅಂತಾರೆ. ಕ್ರಿಯಾಪದ ಇರುವ ಪೂರ್ತಿ ವಾಕ್ಯ ಬರೆಯಿರಿ. ಆಮೇಲೆ ಆ "ಹೌದಾ?"ಗೆ ಉತ್ತರ ಕೊಡುವ ಒಂದು ಚಿತ್ರ, ಮೂರು ನಾಲ್ಕು ಸಾಲು. ಅದಕ್ಕೆ ಉತ್ತರ ಕೊಡದ ಸಾಲು ಎಷ್ಟೇ ಕಷ್ಟಪಟ್ಟು ಬರೆದಿದ್ದರೂ ಆ ಚೌಕದಲ್ಲಿ ಬೇಡ.

ನಾಲ್ಕು ಸಾಲು: ಇಂಗ್ಲಿಷ್ ಸಲಹೆಗಳಲ್ಲಿ ಪೋಸ್ಟರ್‌ಗೆ ಇಷ್ಟು ಪದ ಅಂತ ಲೆಕ್ಕ ಕೊಡುತ್ತಾರೆ. ಕನ್ನಡಕ್ಕೆ ಅದು ಹೊಂದಲ್ಲ. "ಕೊಳವೆಬಾವಿಗಳಲ್ಲಿರುವ" ಒಂದೇ ಪದ, ಆದರೆ ಅರ್ಧ ಸಾಲು ತಿನ್ನುತ್ತದೆ. ಅದಕ್ಕೇ ನಾನು ಸಾಲು ಎಣಿಸುತ್ತೇನೆ. ತಲೆಬರಹ ಎರಡು ಸಾಲು ದಾಟಬಾರದು, ಕೆಳಗಿನ ಮಾತು ಐದು ದಾಟಬಾರದು. ನನ್ನ 3 ಅಡಿ ಪೋಸ್ಟರಿನಲ್ಲಿ ತಲೆಬರಹ 54 ಪಾಯಿಂಟ್, ಒಳಗಿನದು 30 ಪಾಯಿಂಟ್ ಇತ್ತು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ.

ಇನ್ನೊಂದು, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? ಮೊದಲ ಸಾಲು ತಾನೇ ಎಲ್ಲೋ ಮುರಿಯಲು ಬಿಟ್ಟರೆ "60 ಬಾವಿಗಳಲ್ಲಿ 38ರ" ಅಂತ ನಿಂತು, "ನೀರು" ಕೆಳಗೆ ಬೀಳುತ್ತದೆ. ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ನೀವೇ ಎಂಟರ್ ಒತ್ತಿ.

ಓದಲು ಆಗುತ್ತದಾ ಅಂತ ನೋಡಲು ಎ4 ಹಾಳೆಗೆ ಪ್ರಿಂಟ್ ತೆಗೆಯಿರಿ. ನಿಮ್ಮ ಅಳತೆಗೆ ಅದು ಅಗಲದಲ್ಲೂ ಎತ್ತರದಲ್ಲೂ ಸುಮಾರು ನಾಲ್ಕನೇ ಒಂದು ಭಾಗ. ಪುಸ್ತಕ ಹಿಡಿಯುವ ದೂರದಲ್ಲಿ ಹಿಡಿದರೆ, ಒಂದೂವರೆ ಮೀಟರ್ ದೂರದಿಂದ ಪೋಸ್ಟರ್ ನೋಡಿದ ಹಾಗೆ. ಕಣ್ಣು ಕಿರಿದು ಮಾಡಬೇಕಾದರೆ ಅಕ್ಷರ ಸಣ್ಣದು ಅಂತ.

ಬೋರ್‌ವೆಲ್ ಹುಡುಗಿ: ಕೂತು ಬರೆದೆ. ತಲೆಬರಹಗಳು ಇವು:

60 ಬಾವಿಗಳಲ್ಲಿ 38ರ ನೀರು ಫ್ಲೋರೈಡ್ ಮಿತಿ ಮೀರಿದೆ.

ಮಳೆಗಾಲ ಕಳೆದರೂ ಆ 38ರಲ್ಲಿ 35 ಬಾವಿ ಮಿತಿಯೊಳಗೆ ಬರಲಿಲ್ಲ.

ಆಳಕ್ಕೆ ಕೊರೆದಷ್ಟೂ ಫ್ಲೋರೈಡ್ ಏರುತ್ತದೆ.

ಮೂರನೆಯದಕ್ಕೆ ಲೆಕ್ಕ: 100 ಮೀಟರಿಗಿಂತ ಆಳದ 36 ಬಾವಿಗಳಲ್ಲಿ 29 ಮಿತಿ ಮೀರಿವೆ. ಅಷ್ಟು ಆಳವಿಲ್ಲದ 24ರಲ್ಲಿ 9.

ಮಲೆನಾಡ ಮಳೆ: ಮೂರನೆಯದು ಸೂಪರ್. ಅದನ್ನೇ ನಡುವೆ ದೊಡ್ಡದಾಗಿ ಹಾಕಿ!

ಬಳಪ: ಸ್ವಲ್ಪ ತಾಳಿ. ಮೊದಲನೆಯದರಲ್ಲಿ "ಮಿತಿ" ಯಾವುದು? ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಂದು ಗೆರೆ. ಬೇರೆ ನೀರು ಇಲ್ಲದ ಕಡೆ 1.5ರ ತನಕ ಬಿಡುತ್ತಾರೆ. ನೀವು ಯಾವುದನ್ನು ಹಿಡಿದಿರೋ ಅದರ ಮೇಲೆ 38 ಬದಲಾಗುತ್ತದೆ. ತಲೆಬರಹದ ಕೆಳಗಿನ ಮೊದಲ ಸಾಲಿನಲ್ಲೇ ಅದು ಇರಬೇಕು, ಚಿತ್ರದಲ್ಲಿ ಅಡ್ಡಗೆರೆಯಾಗಿಯೂ ಇರಬೇಕು.

ಎರಡನೆಯದು ಚೆನ್ನಾಗಿದೆ. ಆ 35 ಅದೇ ಬಾವಿಗಳು ತಾನೆ?

ಮೂರನೆಯದು ನಿಮ್ಮ ಲೆಕ್ಕಕ್ಕಿಂತ ದೊಡ್ಡ ಮಾತು. ನೀವು ಯಾವ ಬಾವಿಯನ್ನೂ ಕೊರೆಯುತ್ತಾ ಹೋಗಿ ಅಳೆದಿಲ್ಲ. ಆಳದ ಬಾವಿಗಳನ್ನು, ಅಷ್ಟು ಆಳ ಇಲ್ಲದವನ್ನು ಪಕ್ಕಪಕ್ಕ ಇಟ್ಟಿದ್ದೀರಿ ಅಷ್ಟೆ. ಫ್ಲೋರೈಡ್ ಬರುವುದು ಬಂಡೆಯಿಂದ. ಆಳದ ಬಾವಿಗಳೆಲ್ಲ ಒಂದೇ ಕಡೆ, ಒಂದೇ ತರದ ಗ್ರಾನೈಟ್ ಮೇಲೆ ಇದ್ದರೆ? ಹೋಬಳಿವಾರು ಒಡೆದು ನೋಡಿದ್ದೀರಾ?

ಬೋರ್‌ವೆಲ್ ಹುಡುಗಿ: 35 ಅದೇ ಬಾವಿಗಳು. ಮಿತಿ 1.5. ಹೋಬಳಿವಾರು ಈಗ ಒಡೆದೆ, ಹೊಟ್ಟೆ ತೊಳಸಿದ ಹಾಗಾಯಿತು. ಪೂರ್ವದ ಎರಡು ಹೋಬಳಿಗಳಲ್ಲಿ 37 ಬಾವಿ, ಅದರಲ್ಲಿ 31 ಮಿತಿ ಮೀರಿವೆ. ಉಳಿದ ಕಡೆ 23ರಲ್ಲಿ 7. ಆಳದ 36ರಲ್ಲಿ 31 ಬಾವಿ ಪೂರ್ವದಲ್ಲೇ ಇವೆ. ಪೂರ್ವದಲ್ಲಿ ಆಳ ಇಲ್ಲದವು ಬರೀ 6, ಅವುಗಳಲ್ಲೂ 5 ಮಿತಿ ಮೀರಿವೆ.

ಬಳಪ: ಹಾಗಾದರೆ ನಿಮ್ಮ ಲೆಕ್ಕದಲ್ಲಿ ಜಾಗ ಮಾತಾಡುತ್ತಿದೆ, ಆಳ ಅಲ್ಲ. ಆಳಕ್ಕೆ ಏನೂ ಪಾತ್ರ ಇಲ್ಲ ಅಂತ ಹೇಳಲೂ ಆಗಲ್ಲ, 6 ಬಾವಿ ಅದಕ್ಕೆ ಸಾಲದು. ಮೂರನೇ ತಲೆಬರಹ "ಪೂರ್ವದ ಎರಡು ಹೋಬಳಿಗಳ 37 ಬಾವಿಗಳಲ್ಲಿ 31 ಮಿತಿ ಮೀರಿವೆ" ಅಂತ ಆಗಲಿ. ಚಿತ್ರ ತಾಲ್ಲೂಕಿನ ನಕ್ಷೆ, ಮಿತಿ ಮೀರಿದ ಬಾವಿಗೆ ತುಂಬಿದ ಚುಕ್ಕೆ, ಮೀರದ್ದಕ್ಕೆ ಖಾಲಿ ಚುಕ್ಕೆ. ಕೆಳಗೆ ಉಳಿದ ಕಡೆಯ 23ರಲ್ಲಿ 7 ಅನ್ನುವುದು ಬರಲೇಬೇಕು, ಇಲ್ಲದಿದ್ದರೆ 31 ಜಾಸ್ತಿಯೋ ಕಡಿಮೆಯೋ ಗೊತ್ತಾಗಲ್ಲ. ಕೊನೇ ಸಾಲು: "ಆಳದ ಬಾವಿಗಳೂ ಹೆಚ್ಚಾಗಿ ಇಲ್ಲೇ ಇರುವುದರಿಂದ ಆಳದ ಪರಿಣಾಮವನ್ನು ಬೇರೆ ಮಾಡಿ ಹೇಳಲಾಗದು." ಅಂಕ ಕೊಡುವವರು ಬಂದು ಕೇಳುವ ಮೊದಲೇ ನೀವೇ ಹೇಳಿದ ಹಾಗಾಯಿತು.

ನಾಲ್ಕು ಸಾಲು: ನನ್ನದೂ ಹೀಗೇ ಆಗಿತ್ತು. ಪ್ರಬಂಧದಲ್ಲಿ "ಸಂಬಂಧವಿರುವುದು ಕಂಡುಬಂದಿದೆ" ಅಂತ ಬರೆದಾಗ ಯಾರೂ ತಡೆಯಲಿಲ್ಲ. ಅದನ್ನೇ 54 ಪಾಯಿಂಟಿನಲ್ಲಿ ನೋಡಿದಾಗ ನನಗೇ ಭಯ ಆಯಿತು.

ಮಲೆನಾಡ ಮಳೆ: ಸರಿ, ಆಳದ್ದು ವಾಪಸ್ ತಗೊಂಡೆ. ಆದರೆ ವಿಧಾನದ ಚೌಕಕ್ಕೆ "ಹೌದಾ?" ಅನ್ನುವ ತಲೆಬರಹ ಹೇಗೆ ಬರುತ್ತದೆ ಮೇಷ್ಟ್ರೇ? ಅದು ಹೇಳಿಕೆಯೇ ಅಲ್ಲವಲ್ಲ.

ಬಳಪ: "ಒಂದೇ ಬಾವಿಯನ್ನು ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದೆವು" ಅನ್ನಿ. ಎರಡನೇ ಚೌಕ ನಿಂತಿರುವುದೇ ಅದರ ಮೇಲೆ. ವಿದ್ಯುದ್ವಾರ ಯಾವುದು, ಬಫರ್ ಯಾವುದು ಅನ್ನುವುದು ಕೆಳಗೆ ಒಂದು ಸಾಲು.

ಮಲೆನಾಡ ಮಳೆ: ಅದು ವಿಧಾನಕ್ಕೆ ಅಂಗಿ ತೊಡಿಸಿದ ಹಾಗೆ ಅಷ್ಟೆ. ನಾನಾದರೆ "ವಿಧಾನ" ಅಂತಲೇ ಸಣ್ಣದಾಗಿ ಹಾಕುತ್ತೇನೆ.

ಬಳಪ: ಹಾಕಿ, ತಪ್ಪಿಲ್ಲ. ಹಾಗೆ ಹಾಕಿದವರಿಗೆ ನಾನು ಅಂಕ ಕಳೆದಿಲ್ಲ.

ಬೋರ್‌ವೆಲ್ ಹುಡುಗಿ: ಇನ್ನೊಂದು ಉಳಿದಿದೆ. ಹನ್ನೊಂದು ಅಂಶಗಳ ಕೋಷ್ಟಕ ಇದೆ, ಪಿಎಚ್, ಗಡಸುತನ, ಕ್ಯಾಲ್ಸಿಯಂ, ಕ್ಲೋರೈಡ್ ಎಲ್ಲಾ. ಒಂದು ವರ್ಷದ ಕೆಲಸ. ಬಿಡಲು ಮನಸ್ಸಿಲ್ಲ.

ಬಳಪ: ಅದಕ್ಕೊಂದು ತಲೆಬರಹ ಬರೆದು ನೋಡಿ. "ಹನ್ನೊಂದು ಅಂಶ ಅಳೆದೆವು" ಅನ್ನುವುದಕ್ಕಿಂತ ಮುಂದೆ ಹೋಗದಿದ್ದರೆ ಕೋಷ್ಟಕ ಎ4 ಹಾಳೆಯಲ್ಲಿ ಕೈಗೆ ಕೊಡಲು ಇರಲಿ. ಕ್ಯಾಲ್ಸಿಯಂ ಮಾತ್ರ ಬೇರೆ ವಿಷಯ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ತಳಕ್ಕೆ ಕೂರುತ್ತದೆ, ಕಡಿಮೆ ಇದ್ದರೆ ನೀರಿನಲ್ಲೇ ಉಳಿಯುತ್ತದೆ. ನಿಮ್ಮ 31ರಲ್ಲಿ ಕ್ಯಾಲ್ಸಿಯಂ ಕಡಿಮೆ ಇದೆಯಾ ನೋಡಿ. ಇದ್ದರೆ ಅದು ನಾಲ್ಕನೇ ಚೌಕ.

ಫ್ಲೆಕ್ಸ್ ಫಜೀತಿ: ಕೈಗೆ ಕೊಡುವ ಹಾಳೆ ಇಡಲು ಪೋಸ್ಟರಿನ ಕೆಳಗೆ ಒಂದು ಲಕೋಟೆ ಅಂಟಿಸಿ. ಮೇಜು ಕೊಡುತ್ತಾರೆ ಅಂತ ನಂಬಬೇಡಿ.

ಬೋರ್‌ವೆಲ್ ಹುಡುಗಿ: ನೋಡಿದೆ ಮೇಷ್ಟ್ರೇ. 31ರಲ್ಲಿ ಹೆಚ್ಚಿನವುಗಳಲ್ಲಿ ಕ್ಯಾಲ್ಸಿಯಂ ಕಡಿಮೆಯೇ ಇದೆ, ಆದರೆ ಕಡಿಮೆ ಇದ್ದೂ ಮಿತಿ ಮೀರದ ಬಾವಿ ಪಶ್ಚಿಮದಲ್ಲಿ ನಾಲ್ಕು ಸಿಕ್ಕಿವೆ. ತಲೆಬರಹ ಮೂರು ಸಲ ಬರೆದು ಅಳಿಸಿದೆ. ಗೈಡ್‌ಗೆ ತೋರಿಸಿ ಬರುತ್ತೇನೆ. ಅಷ್ಟರಲ್ಲಿ ಮೂರು ಚೌಕ ಎ4ಗೆ ಪ್ರಿಂಟ್ ತೆಗೆದೆ. ನಕ್ಷೆಯ ಖಾಲಿ ಚುಕ್ಕೆ ಕಾಣುವುದೇ ಇಲ್ಲ, ದಪ್ಪ ಮಾಡಬೇಕು.