‘ಅಲೊಕೇಟ್’ಗೆ ‘ಹಂಚಿಕೆ’ ಸರಿಯೇ? ಮೈನ್‌ಕ್ರಾಫ್ಟ್ ಆಡುವ ಹುಡುಗನಿಂದ ಬಂದ ತಕರಾರು

ಚಿಂತಾಮಣಿಯಿಂದ:
ನನ್ನ ತಂಗಿಯ ಮಗ ಮೈನ್‌ಕ್ರಾಫ್ಟ್ ಜಾವಾ ಎಡಿಷನ್ ಆಡುತ್ತಾನೆ. ಆಟ ನಡುನಡುವೆ ನಿಂತು ನಿಂತು ಹೋಗುತ್ತಿತ್ತು. ಅವನಿಗೂ ಅವನ ಮೂವರು ಗೆಳೆಯರಿಗೂ ಅಂತ ಒಂದು ಪುಟದ ಕನ್ನಡ ಚೀಟಿ ಬರೆದುಕೊಟ್ಟೆ. ಅದರಲ್ಲಿ ‘ಮೆಮೊರಿ ಹಂಚಿಕೆ: 3 ಜಿಬಿ’ ಅಂತ ಹಾಕಿದ್ದೆ. ಅವನು ಕೇಳಿದ, “ದೊಡ್ಡಮ್ಮ, ನಾಲ್ಕು ಜನಕ್ಕೆ ಮೂರು ಜಿಬಿ ಹೇಗೆ ಸಾಕಾಗುತ್ತೆ?” ಎಲ್ಲರಿಗೂ ಸಾಲಲಿ ಅಂತ ತಾನೇ ಲಾಂಚರ್‌ನಲ್ಲಿ ಹೀಗೆ ಬರೆದುಬಿಟ್ಟಿದ್ದ:

```
-Xmx7G
```

ಅವನ ಲ್ಯಾಪ್‌ಟಾಪ್‌ನಲ್ಲಿ ಇರುವುದೇ 8 ಜಿಬಿ. ಆಟ ಮೊದಲಿಗಿಂತ ಜಾಸ್ತಿ ತಡವರಿಸತೊಡಗಿತು. ತಪ್ಪು ಅವನದಲ್ಲ, ನನ್ನ ಪದದ್ದು. ‘ಹಂಚು’ ಅಂದರೆ ಹಲವರಿಗೆ ಪಾಲು ಮಾಡುವುದು ತಾನೇ? ಹಾಗಾದರೆ ಇಲ್ಲಿ ಯಾವ ಪದ ಹೊಂದುತ್ತದೆ?

ಗೌರಿಬಿದನೂರಿನಿಂದ:
‘ಮೀಸಲು’ ಅನ್ನಿ, ಮುಗಿಯಿತು. 7 ಜಿಬಿ ಅಂತ ಬರೆದ ಕೂಡಲೇ ಅಷ್ಟನ್ನೂ ಆಟಕ್ಕೆ ಎತ್ತಿಡಲಾಗುತ್ತದೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೇ ವಿಂಡೋಸ್ ಉಸಿರುಗಟ್ಟಿದ್ದು.

ಕೋಲಾರದಿಂದ:
ನಾನು ರೆಂಡರ್ ಅನ್ನುವುದಕ್ಕೆ ‘ಮೂಡಿಸು’ ಬಳಸುತ್ತೇನೆ. ದೂರದ ಬೆಟ್ಟ ಪರದೆಯ ಮೇಲೆ ಮೂಡುತ್ತದೆ ಅಲ್ವಾ? ಅಂದ ಹಾಗೆ ನಮ್ಮ ಮನೆಯಲ್ಲೂ ಇದೇ ಕಾಟ. ಸೋಡಿಯಂ ಅನ್ನುವ ಮಾಡ್ ಹಾಕಿದ್ದೇವೆ, ಎಫ್‌ಪಿಎಸ್ ಏರಿದೆ. ಆದರೂ ಆಗಾಗ ಒಂದು ಕ್ಷಣ ಆಟ ಗಕ್ಕನೆ ನಿಲ್ಲುತ್ತದೆ.

ತುಮಕೂರಿನಿಂದ:
ಗೌರಿಬಿದನೂರಿನವರ ಕೊನೆಯ ಮಾತು ನಿಜ. ಅದಕ್ಕೆ ಕೊಟ್ಟ ಕಾರಣ ಅರ್ಧ ಮಾತ್ರ ಸರಿ. `-Xmx` ಏನನ್ನೂ ಎತ್ತಿಡುವುದಿಲ್ಲ. ‘ಇದಕ್ಕಿಂತ ಮೇಲೆ ಹೋಗಬೇಡ’ ಅನ್ನುತ್ತದೆ, ಅಷ್ಟೇ. ಆಟದೊಳಗೆ F3 ಒತ್ತಿದರೆ ಬಲಗಡೆ ಇಂಥ ಸಾಲುಗಳು ಕಾಣುತ್ತವೆ:

```
Mem: 50% 1536/3072MB
Allocated: 70% 2150MB
```

ಕೊನೆಯ ಮಿತಿ 3072. ಅದರಲ್ಲಿ ಜಾವಾ ಈವರೆಗೆ ಕಂಪ್ಯೂಟರಿನಿಂದ ಪಡೆದಿರುವುದು 2150. ಅದರೊಳಗೆ ಈಗ ತುಂಬಿರುವುದು 1536. ನಮ್ಮ ಕಡೆಯವರಿಗೆ ಕೆರೆ ನೆನಪಾದರೆ ಸಾಕು. ಮಿತಿ ಅನ್ನುವುದು ಕೋಡಿಯ ಮಟ್ಟ. ಕೋಡಿ ಎತ್ತರ ಇದೆ ಅಂದಮಾತ್ರಕ್ಕೆ ಕೆರೆ ತುಂಬಿದೆ ಅಂತಲ್ಲ. ಆದ್ದರಿಂದ `-Xmx`ಗೆ ‘ಮಿತಿ’ ಅನ್ನಿ, `Allocated`ಗೆ ‘ಪಡೆದದ್ದು’ ಅನ್ನಿ. ಒಂದೇ ಪದದಲ್ಲಿ ಎರಡನ್ನೂ ಕಟ್ಟಿಹಾಕಲು ಹೋದರೆ ಈ ಹುಡುಗನ ಪಾಡೇ ಆಗುತ್ತದೆ.

ಇನ್ನು 7 ಜಿಬಿಯಲ್ಲಿ ಆದದ್ದೇನು? ಆಟ ಪ್ರತಿ ಕ್ಷಣವೂ ಸಣ್ಣ ಸಣ್ಣ ವಸ್ತುಗಳನ್ನು ಮಾಡಿ ಎಸೆಯುತ್ತಿರುತ್ತದೆ. ಜಾಗ ಧಾರಾಳವಾಗಿದ್ದರೆ ಜಾವಾ ಕಸ ಗುಡಿಸುವುದನ್ನು ಮುಂದೂಡಿ, ಇನ್ನಷ್ಟು ಮೆಮೊರಿ ಪಡೆಯುತ್ತಾ ಹೋಗುತ್ತದೆ. ವಿಂಡೋಸ್‌ಗೂ ಬ್ರೌಸರ್‌ಗೂ ಜಾಗ ಸಾಲದೆ ಒಂದಿಷ್ಟು ಮೆಮೊರಿ ಡಿಸ್ಕ್‌ಗೆ ಹೋಗುತ್ತದೆ. ಆಮೇಲೆ ಕಸ ಗುಡಿಸುವಾಗ ಅದನ್ನು ಡಿಸ್ಕ್‌ನಿಂದ ವಾಪಸ್ ತರಬೇಕು. ಆಗಲೇ ಆಟ ಕಲ್ಲಿನ ಹಾಗೆ ನಿಲ್ಲುವುದು. 3 ಜಿಬಿಗೆ ಇಳಿಸಿ. ಮಾಡ್‌ಗಳು ಕಡಿಮೆ ಇದ್ದರೆ 2 ಕೂಡ ಸಾಕು.

ಕೋಲಾರದವರೇ, ಸೋಡಿಯಂ ತನ್ನ ಕೆಲಸ ಮಾಡಿದೆ. ಅದು ಮೂಡಿಸುವ ಕೆಲಸವನ್ನು ಹಗುರ ಮಾಡುತ್ತದೆ, ಕಸದ ಕೆಲಸ ಅದರದ್ದಲ್ಲ. `Mem` ಸಾಲನ್ನು ನೋಡುತ್ತಾ ಆಡಿ. ಶೇಕಡಾ ಏರಿ ಏರಿ, ಆಟ ನಿಂತ ಕ್ಷಣವೇ ಧಡಕ್ಕನೆ ಇಳಿದರೆ ಅದು ಕಸ ಗುಡಿಸಿದ ಗುರುತು. ಇಳಿದ ಮೇಲೂ 80–90ರ ಹತ್ತಿರವೇ ಇದ್ದರೆ ಮಿತಿ ಸಣ್ಣದಾಗಿದೆ, ಸ್ವಲ್ಪ ಏರಿಸಿ. ಮಾಡ್‌ಗಳು ಜಾಸ್ತಿ ಇದ್ದರೆ ಫೆರೈಟ್‌ಕೋರ್ ಸೇರಿಸಿ. ಬ್ಲಾಕ್‌ಗಳ ಒಂದೇ ಮಾಹಿತಿ ಹತ್ತು ಕಡೆ ಕೂತಿರುವುದನ್ನು ಅದು ಕಡಿಮೆ ಮಾಡುತ್ತದೆ. ಆಟ ನಿಲ್ಲದೆ, ಸದಾ ನಿಧಾನವಾಗಿಯೇ ಇದ್ದರೆ ಮಾತ್ರ ರೆಂಡರ್ ಡಿಸ್ಟೆನ್ಸ್ ಇಳಿಸಿ ನೋಡಿ.

ಗೌರಿಬಿದನೂರಿನಿಂದ:
ಒಪ್ಪಿದೆ. ಆದರೆ `-Xms` ಅಂತ ಇನ್ನೊಂದಿದೆಯಲ್ಲ, ಅದನ್ನೂ 7 ಅಂತ ಕೊಟ್ಟರೆ?

ತುಮಕೂರಿನಿಂದ:
ಆಗ ಮೊದಲೇ ಅಷ್ಟನ್ನು ಕೇಳಿ ಪಡೆಯುತ್ತದೆ. ನಿಮ್ಮ ‘ಮೀಸಲು’ ಅಲ್ಲಿ ಹೆಚ್ಚು ಹೊಂದುತ್ತದೆ.

ಚಿಂತಾಮಣಿಯಿಂದ:
ಚೀಟಿ ತಿದ್ದಿದೆ. ‘ಮಿತಿ: 3 ಜಿಬಿ. ಇದು ನಿನ್ನ ಒಬ್ಬನ ಕಂಪ್ಯೂಟರಿಗೆ. ಗೆಳೆಯರು ತಂತಮ್ಮ ಕಂಪ್ಯೂಟರಿನಲ್ಲಿ ಬೇರೆ ಬರೆದುಕೊಳ್ಳಲಿ.’ ಈಗ ಆಟ ಸರಿಯಾಗಿ ಓಡುತ್ತಿದೆ. ‘ಕೋಡಿ’ ನನಗಂತೂ ಇಷ್ಟವಾಯಿತು. ಆದರೆ ಅವನು ಕೋಡಿ ಬಿದ್ದದ್ದನ್ನು ಒಂದೇ ಸಲ ನೋಡಿದ್ದಾನೆ, ಹಾಗಾಗಿ ಚೀಟಿಗೆ ಹಾಕಲಿಲ್ಲ.

ಇನ್ನೊಂದು ಉಳಿಯಿತು. ಅವನ ಹೊಸ ಆವೃತ್ತಿಯಲ್ಲಿ `Allocation rate` ಅಂತ ಮತ್ತೊಂದು ಸಾಲು ಬರುತ್ತದೆ. ಸೆಕೆಂಡಿಗೆ ಎಷ್ಟು ಹೊಸ ವಸ್ತು ತುಂಬುತ್ತಿದೆ ಅನ್ನುವ ಲೆಕ್ಕವಂತೆ. ಅಲ್ಲಿ ‘ಪಡೆದದ್ದು’ ಹೊಂದುವುದಿಲ್ಲ. ‘ಒಳಹರಿವು’ ಅಂದರೆ ಹೇಗೆ?